ಹೊಸ ಸಹೋದ್ಯೋಗಿಗೆ ಅರೇಬಿಕ್‌ನಲ್ಲೊಂದು ಸ್ವಾಗತದ ಚೀಟಿ

ಮಸ್ಕತ್‌ನ ಒಂದು ಆಫೀಸಿನಲ್ಲಿ ನೀವು ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಪಕ್ಕದ ಮೇಜಿಗೆ ಹೊಸಬರೊಬ್ಬರು ಬರುತ್ತಾರೆ. ಊರು ಕೈರೋ, ಹೆಸರು ಸಲ್ಮಾ. ಗಲ್ಫ್‌ಗೆ ಇದೇ ಮೊದಲು. ಆಫೀಸಿನ ಕೆಲಸವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ, ನಿಜ. ಆದರೆ ಅವರು ಬಂದು ಕೂರುವಾಗ ಮೇಜಿನ ಮೇಲೆ ಅವರದೇ ಭಾಷೆಯಲ್ಲಿ ನಾಲ್ಕು ಸಾಲು ಇಟ್ಟಿರಬೇಕು ಅಂತ ನಿಮಗೆ ಆಸೆ. ನಿಮಗೆ ಬರುವ ಅರೇಬಿಕ್ ಎಂದರೆ ಸೈಟಿನಲ್ಲೋ ಅಂಗಡಿಯಲ್ಲೋ ಕೇಳಿ ಕಲಿತದ್ದು.

ಆ ಅರೇಬಿಕ್ ಮಾತಿಗೆ ಸಾಕು, ಚೀಟಿಗೆ ಬೇಡ. ‘ಮಾಫಿ ಮುಷ್ಕಿಲ್’, ‘ಖಲಾಸ್’, ‘ಸದೀಕ್’ ಎಲ್ಲವೂ ಗಲ್ಫ್‌ನಲ್ಲಿ ದಿನವೂ ಕಿವಿಗೆ ಬೀಳುವ ಪದಗಳು. ‘ಸದೀಕ್’ ಎಂದರೆ ಗೆಳೆಯ ಎಂದೇ ಅರ್ಥ. ಆದರೂ ಅಲ್ಲಿ ಅದು ಹೆಸರು ಗೊತ್ತಿಲ್ಲದ ಕೆಲಸಗಾರರನ್ನು ಕರೆಯುವ ಪದವಾಗಿಬಿಟ್ಟಿದೆ. ಸಹೋದ್ಯೋಗಿಗೆ ಬರೆಯುವಾಗ ಪುಸ್ತಕದ ಅರೇಬಿಕ್, ಅಂದರೆ ಫುಸ್‌ಹಾ, ಒಳ್ಳೆಯದು. ಕೈರೋದವರಿಗೂ ಅಮ್ಮಾನ್‌ನವರಿಗೂ ಒಮಾನಿನವರಿಗೂ ಅದು ಒಂದೇ ಥರ ಅರ್ಥವಾಗುತ್ತದೆ.

ಮೊದಲು ಹೆಸರು

ಬರೆಯಲು ಕೂರುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಬರುವವರು ಗಂಡಸೋ ಹೆಂಗಸೋ, ಮತ್ತು ಅವರು ತಮ್ಮ ಹೆಸರನ್ನು ಅರೇಬಿಕ್‌ನಲ್ಲಿ ಹೇಗೆ ಬರೆಯುತ್ತಾರೆ. ಎರಡನ್ನೂ ಎಚ್‌ಆರ್‌ನವರಲ್ಲಿ ಕೇಳಿದರಾಯಿತು.

ಹೆಸರು ನೋಡಿ ಊಹಿಸಬೇಡಿ. ‘ನೂರ್’ ಎಂಬ ಹೆಸರು ಗಂಡಸರಿಗೂ ಇದೆ, ಹೆಂಗಸರಿಗೂ ಇದೆ. ನಾನು ಒಮ್ಮೆ ಊಹಿಸಿ ಕೆಟ್ಟೆ. ನೂರ್ ಎಂದರೆ ಹೆಂಗಸೇ ಇರಬೇಕು ಎಂದುಕೊಂಡು, ಹಿಂದೆ ಇನ್ನೊಬ್ಬರಿಗೆ ಬರೆದಿದ್ದ ಚೀಟಿಯನ್ನೇ ನಕಲು ಮಾಡಿಟ್ಟೆ. ಬಂದವರು ಐವತ್ತು ದಾಟಿದ ಎಂಜಿನಿಯರ್. ಚೀಟಿ ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಅದರಲ್ಲಿ ಅವರನ್ನು ಆರು ಕಡೆ ಹೆಂಗಸೆಂದು ಕರೆದಿದ್ದೆ ಎಂಬುದು ನನಗೆ ಗೊತ್ತಾಗಿದ್ದು ಸಂಜೆ. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಹೆಸರಿನ ಮುಂದೆ ಗೌರವದ ಪದ ಬೇಕು. ನಮ್ಮ ಕರಾವಳಿಯಲ್ಲಿ ಮದರಸಾದ ಗುರುಗಳನ್ನು ‘ಉಸ್ತಾದ್’ ಎನ್ನುತ್ತಾರಲ್ವಾ, ಅದೇ ಪದ. ಈಜಿಪ್ಟಿನ ಆಫೀಸುಗಳಲ್ಲಿ ಅದನ್ನು ‘ಉಸ್ತಾಜ್’ ಎಂದು ಎಲ್ಲರಿಗೂ ಹೇಳುತ್ತಾರೆ, ಪಾಠ ಹೇಳುವವರೇ ಆಗಬೇಕಿಲ್ಲ. ಹೆಂಗಸರಿಗಾದರೆ ‘ಉಸ್ತಾಜಾ’. ಎಂಜಿನಿಯರ್ ಆದರೆ ‘ಮುಹಂದಿಸ್’ ಎನ್ನಿ, ವೈದ್ಯರೋ ಪಿಎಚ್‌ಡಿ ಮಾಡಿದವರೋ ಆದರೆ ‘ದುಕ್ತೂರ್’. ‘ಹಬೀಬಿ’ ಬೇಡವೇ ಬೇಡ. ಅದು ಸಲುಗೆ ಬೆಳೆದ ಮೇಲಿನ ಮಾತು.

ಚೀಟಿ

ಸಲ್ಮಾ ಅವರಿಗೆ ನಾನು ಬರೆಯುವುದಾದರೆ ಹೀಗೆ:

```
الأستاذة سلمى،
السلام عليكم ورحمة الله وبركاته،
الحمد لله على السلامة، وأهلًا وسهلًا بك في مسقط.
يسعدنا انضمامك إلى قسم الحسابات.
إذا احتجت إلى أي شيء في أيامك الأولى، فمكتبي بجوار مكتبك.
مع التحية،
براكاش
```

ಓದುವುದು ಹೀಗೆ: ಅಲ್ ಉಸ್ತಾಜಾ ಸಲ್ಮಾ. ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹು. ಅಲ್‌ಹಮ್ದುಲಿಲ್ಲಾಹಿ ಅಲಸ್ಸಲಾಮ, ವ ಅಹ್ಲನ್ ವ ಸಹ್ಲನ್ ಬಿಕಿ ಫೀ ಮಸ್ಕತ್. ಯುಸ್‌ಇದುನಾ ಇನ್‌ದಿಮಾಮುಕಿ ಇಲಾ ಕಿಸ್ಮಿಲ್ ಹಿಸಾಬಾತ್. ಇದಾ ಇಹ್ತಜ್ತಿ ಇಲಾ ಅಯ್ಯಿ ಶೈಇನ್ ಫೀ ಅಯ್ಯಾಮಿಕಿಲ್ ಊಲಾ, ಫ ಮಕ್ತಬೀ ಬಿಜಿವಾರಿ ಮಕ್ತಬಿಕಿ. ಮಅತ್ತಹಿಯ್ಯಾ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ‘ಅಲ್‌ಹಮ್ದುಲಿಲ್ಲಾಹಿ ಅಲಸ್ಸಲಾಮ’. ದೂರದಿಂದ ಪ್ರಯಾಣ ಮಾಡಿ ಬಂದವರಿಗೆ ಹೇಳುವ ಮಾತು ಇದು. ಕ್ಷೇಮವಾಗಿ ಬಂದು ತಲುಪಿದಿರಿ, ದೇವರಿಗೆ ಸ್ತುತಿ ಎಂದು ಅರ್ಥ. ಊರು ಬಿಟ್ಟು ಬಂದವರು ಮೊದಲು ಕೇಳಬೇಕಾದ ಮಾತೂ ಇದೇ. ನಮ್ಮವರು ಬರೆಯುವ ಚೀಟಿಯಲ್ಲಿ ಇದೊಂದೇ ಇರುವುದಿಲ್ಲ. ಸ್ವಾಗತ, ಶುಭಾಶಯ ಎಲ್ಲ ಇರುತ್ತದೆ, ಪ್ರಯಾಣದ ಸುದ್ದಿಯೇ ಇರುವುದಿಲ್ಲ.

‘ಅಹ್ಲನ್ ವ ಸಹ್ಲನ್’ ಎಲ್ಲರಿಗೂ ಗೊತ್ತಿರುವ ಸ್ವಾಗತ. ಅಹ್ಲ್ ಎಂದರೆ ಮನೆಮಂದಿ, ಸಹ್ಲ್ ಎಂದರೆ ಏರುತಗ್ಗಿಲ್ಲದ ಬಯಲು. ನಿಮ್ಮವರ ಬಳಿಗೇ ಬಂದಿದ್ದೀರಿ, ಸಮನಾದ ನೆಲದ ಮೇಲೆ ಕಾಲಿಟ್ಟಿದ್ದೀರಿ ಎಂದು ಅರಬರು ಇದನ್ನು ಬಿಡಿಸಿ ಹೇಳುತ್ತಾರೆ. ಇದಿರುವಾಗ ಇಂಗ್ಲಿಷಿನ ‘ವೆಲ್ಕಮ್ ಅಬೋರ್ಡ್’ ಅನ್ನು ಅನುವಾದಿಸಿ ಹಾಕಬೇಡಿ. ಅದರ ಅರೇಬಿಕ್ ರೂಪ ಕೇಳಿಸುವುದು ವಿಮಾನದಲ್ಲಿ, ಸೀಟ್ ಬೆಲ್ಟ್ ಕಟ್ಟಿಕೊಳ್ಳಿ ಎನ್ನುವ ಪ್ರಕಟಣೆಯ ಜೊತೆ.

ಸಲಾಮ್ ಹೇಳಲು ಬರೆಯುವವರು ಮುಸ್ಲಿಮರೇ ಆಗಬೇಕಿಲ್ಲ. ಬರುವವರು ಕ್ರೈಸ್ತರು ಎಂದು ಗೊತ್ತಿದ್ದರೆ, ಅಥವಾ ಏನೂ ಗೊತ್ತಿಲ್ಲದಿದ್ದರೆ, ಆ ಒಂದು ಸಾಲು ತೆಗೆದು ‘ತಹಿಯ್ಯಾ ತಯ್ಯಿಬಾ’ ಎಂದು ಹಾಕಬಹುದು. ಯಾರಿಗೂ ಒಪ್ಪುವ ನಮಸ್ಕಾರ ಅದು:

```
تحية طيبة،
```

ಮುಂದಿನ ಸಾಲು, ನೀವು ನಮ್ಮ ವಿಭಾಗಕ್ಕೆ ಸೇರಿದ್ದು ನಮಗೆ ಸಂತೋಷ ಎಂದು. ‘ಹಿಸಾಬಾತ್’ನೊಳಗಿನ ಹಿಸಾಬು ನಮಗೂ ಗೊತ್ತಿರುವ ಪದವೇ. ಐಟಿ ಅಥವಾ ಎಚ್‌ಆರ್ ವಿಭಾಗವಾದರೆ, ಆ ಕೊನೆಯ ಪದದ ಜಾಗದಲ್ಲಿ ಇವುಗಳಲ್ಲಿ ಒಂದನ್ನು ಕೂರಿಸಿ:

```
تقنية المعلومات
الموارد البشرية
```

ಊರಿನ ಹೆಸರು ಬದಲಿಸುವಾಗ ಒಂದು ಎಚ್ಚರ ಬೇಕು. ಮಸ್ಕತ್, ದುಬೈ ಹೀಗೇ ಬರುತ್ತವೆ. ದೋಹಾ, ರಿಯಾದ್, ಕುವೈತ್, ಮನಾಮಾ ಈ ನಾಲ್ಕಕ್ಕೂ ಅರೇಬಿಕ್‌ನಲ್ಲಿ ಮುಂದೆ ‘ಅಲ್’ ಇದೆ. ಅದನ್ನು ಬಿಟ್ಟರೆ ಊರಿನ ಹೆಸರು ಅರ್ಧ ಬರೆದ ಹಾಗೆ ಕಾಣುತ್ತದೆ:

```
في الدوحة
في الرياض
```

ಕೊನೆಯ ಸಾಲಿನಲ್ಲಿ, ಏನಾದರೂ ಬೇಕಾದರೆ ನನ್ನ ಮೇಜು ನಿಮ್ಮ ಪಕ್ಕದಲ್ಲೇ ಇದೆ ಎಂದಿದೆ. ಸುಮ್ನೆ ‘ಏನು ಸಹಾಯ ಬೇಕಾದರೂ ಕೇಳಿ’ ಎಂದರೆ ಹೊಸಬರು ಕೇಳುವುದಿಲ್ಲ. ಎಲ್ಲಿ ಸಿಗುತ್ತೀರಿ ಎಂದು ಹೇಳಿದರೆ ಕೇಳುತ್ತಾರೆ.

ಗಂಡು, ಹೆಣ್ಣು ಎರಡಕ್ಕೂ ಒಂದೇ ಕಾಗುಣಿತ

ಅರೇಬಿಕ್‌ನಲ್ಲಿ ‘ನಿನಗೆ’ ಎನ್ನುವಾಗಲೂ ಗಂಡು ಹೆಣ್ಣಿನ ಭೇದವಿದೆ. ಗಂಡಸಿಗೆ ‘ಬಿಕ’, ಹೆಂಗಸಿಗೆ ‘ಬಿಕಿ’. ಆದರೆ ದಿನನಿತ್ಯದ ಬರವಣಿಗೆಯಲ್ಲಿ ಅಕ್ಷರದ ಮೇಲೆ ಕೆಳಗೆ ಹಾಕುವ ಸ್ವರಚಿಹ್ನೆಗಳನ್ನು ಬಿಟ್ಟುಬಿಡುತ್ತಾರೆ. ಆಗ ಎರಡೂ ಒಂದೇ ರೀತಿ ಕಾಣುತ್ತವೆ, ಓದುವವರು ತಮಗೆ ಸರಿಯಾದದ್ದನ್ನು ಓದಿಕೊಳ್ಳುತ್ತಾರೆ. ಮೇಲಿನ ಚೀಟಿಯಲ್ಲಿ ಅಂಥ ಪದಗಳನ್ನೇ ಆರಿಸಿ ಇಟ್ಟಿದ್ದೇನೆ. ಮದರಸಾದಲ್ಲಿ ಕಲಿತ ಭಟ್ಕಳ, ಮಂಗಳೂರಿನ ಗೆಳೆಯರಿಗೆ ಅಕ್ಷರಗಳು ಚೆನ್ನಾಗಿ ಗೊತ್ತು. ಅವರಿಗೂ ಒಂದು ಮಾತು: ಅಭ್ಯಾಸಬಲದಿಂದ ಎಲ್ಲ ಅಕ್ಷರಕ್ಕೂ ಸ್ವರಚಿಹ್ನೆ ಹಾಕಬೇಡಿ.

ನೂರ್ ಅವರಿಗೆ ಬರೆದ ಚೀಟಿಯಲ್ಲಿ ನಾನು ಬಳಸಿದ್ದು ಬೇರೆ ಥರದ ಪದಗಳು. ‘ನಮ್ಮ ಹೊಸ ಸಹೋದ್ಯೋಗಿ’, ‘ಸಂಕೋಚಪಡಬೇಡಿ’ ಇಂಥವು. ಇವುಗಳಲ್ಲಿ ಅಕ್ಷರವೇ ಬದಲಾಗುತ್ತದೆ. ಪ್ರತಿ ಜೋಡಿಯಲ್ಲಿ ಮೇಲಿನದು ಗಂಡಸಿಗೆ, ಕೆಳಗಿನದು ಹೆಂಗಸಿಗೆ:

```
زميلنا الجديد
زميلتنا الجديدة

لا تتردد
لا تترددي
```

ಈಗಿನ ಚೀಟಿಯಲ್ಲಿ ಬದಲಾಗುವುದು ಮೊದಲ ಸಾಲು ಮಾತ್ರ. ಗಂಡಸಾದರೆ ‘ಉಸ್ತಾಜಾ’ದ ಕೊನೆಯ ಅಕ್ಷರ ತೆಗೆದರೆ ಮುಗಿಯಿತು. ಬರೆಯುವವರು ಗಂಡಸೋ ಹೆಂಗಸೋ ಎಂಬ ತೊಡಕೂ ಇಲ್ಲ. ‘ನನಗೆ ಸಂತೋಷವಾಗಿದೆ’ ಎಂದು ಬರೆದಿದ್ದರೆ ಗಂಡಸಿಗೆ ‘ಸಈದ್’, ಹೆಂಗಸಿಗೆ ‘ಸಈದಾ’ ಎಂದಾಗುತ್ತಿತ್ತು. ‘ಯುಸ್‌ಇದುನಾ’ ಎಂದರೆ ಆ ಪ್ರಶ್ನೆಯೇ ಬರುವುದಿಲ್ಲ.

ನಮ್ಮ ‘ನೀವು’ ಥರ ಬಹುವಚನದ ಗೌರವ ಅರೇಬಿಕ್‌ನಲ್ಲೂ ಉಂಟು, ‘ಬಿಕುಮ್’ ಎಂದು. ಆದರೆ ಸರಿಸಮಾನರ ಮಧ್ಯೆ ಬಳಸಿದರೆ ಕಂಪನಿಯ ಸುತ್ತೋಲೆ ಓದಿದ ಹಾಗಾಗುತ್ತದೆ. ಏಕವಚನ ಹಾಕಿದರೆ ಅಗೌರವವಲ್ಲ. ಗೌರವವನ್ನು ‘ಉಸ್ತಾಜಾ’ ಆಗಲೇ ಕೊಟ್ಟಿದೆ.

ಟೈಪ್ ಮಾಡಿ ಪ್ರಿಂಟ್ ತೆಗೆಯುವುದು

ಫೋನಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಅರೇಬಿಕ್ ಸೇರಿಸಿಕೊಳ್ಳಿ. ನೆಟ್ಟಗೆ ಗೆರೆಯಂತಿರುವ ಅಲಿಫ್ ಅಕ್ಷರದ ಕೀ ಒತ್ತಿ ಹಿಡಿದರೆ, ಹಮ್ಜಾ ಎಂಬ ಪುಟ್ಟ ಗುರುತು ಇರುವ ಅಲಿಫ್‌ಗಳು ಕಾಣುತ್ತವೆ. ಅಲ್ಪವಿರಾಮವೂ ಅರೇಬಿಕ್‌ನದ್ದೇ ಇರಲಿ, ಅದು ತಲೆಕೆಳಗಾಗಿರುತ್ತದೆ. ಕಣ್ಣಿಟ್ಟು ನೋಡಬೇಕಾದ್ದು ಹೆಸರುಗಳ ಕೊನೆಯ ಅಕ್ಷರ. ‘ಉಸ್ತಾಜಾ’ದ ಕೊನೆಯಲ್ಲಿ ಎರಡು ಚುಕ್ಕಿ ಇರುವ ತಾ ಮರ್ಬೂತಾ ಬೇಕು, ಚುಕ್ಕಿ ಇಲ್ಲದ ಹಾ ಅಲ್ಲ. ‘ಸಲ್ಮಾ’ದ ಕೊನೆಯದು ಯಾ ಥರ ಕಾಣುತ್ತದೆ, ಆದರೆ ಕೆಳಗೆ ಚುಕ್ಕಿ ಇರುವುದಿಲ್ಲ. ಚುಕ್ಕಿ ಇಟ್ಟರೆ ‘ಸಲ್ಮೀ’ ಎಂದಾಗಿಬಿಡುತ್ತದೆ.

ಎಕ್ಸ್‌ಟೆನ್ಶನ್ ನಂಬರ್ ಕೊಡುವುದಿದ್ದರೆ ಬೇರೆ ಸಾಲಿನಲ್ಲಿ ಹಾಕಿ. ಅರೇಬಿಕ್ ಬಲದಿಂದ ಎಡಕ್ಕೆ ಹೋಗುತ್ತದೆ, ಅಂಕಿಗಳು ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಬೆರೆತರೆ ಎಲ್ಲೋ ಇರಬೇಕಾದ ನಂಬರ್ ಇನ್ನೆಲ್ಲೋ ಹೋಗಿ ಕೂರುತ್ತದೆ.

ಕಾರ್ಡ್ ಪ್ರಿಂಟ್ ಮಾಡಿಸಿದರೆ ಅಂಗಡಿಯಲ್ಲೇ ನಿಂತು ಒಂದು ಪ್ರತಿ ನೋಡಿ. ಅರೇಬಿಕ್ ಸರಿಯಾಗಿ ಬಾರದ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ, ಅದೂ ಹಿಂದುಮುಂದಾಗಿ ಬರುತ್ತವೆ. ಭಾಷೆ ಬಾರದಿದ್ದರೂ ಇದನ್ನು ಕಂಡುಹಿಡಿಯಬಹುದು. ಎರಡನೇ ಸಾಲಿನ ಮೊದಲ ಪದ ‘ಅಸ್ಸಲಾಮ್’ ನೋಡಿ. ಬಲತುದಿಯಲ್ಲಿ ಅಲಿಫ್ ಒಂಟಿಯಾಗಿ ನೆಟ್ಟಗೆ ನಿಂತಿರಬೇಕು. ಆಮೇಲಿನ ನಾಲ್ಕು ಅಕ್ಷರ ಕೈಹಿಡಿದಂತೆ ಕೂಡಿರಬೇಕು. ಕೊನೆಗೆ ಎಡದಲ್ಲಿ ಮೀಮ್ ಮತ್ತೆ ಒಂಟಿ:

```
السلام
```

ನಿಮ್ಮ ಹೆಸರು

ಸಹಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹಾಕಿದರೂ ನಡೆಯುತ್ತದೆ. ಅರೇಬಿಕ್‌ನಲ್ಲೇ ಬೇಕೆಂದರೆ, ಅದರಲ್ಲಿ ಪ ಇಲ್ಲ, ಹಾಗಾಗಿ ಪ್ರಕಾಶ್ ‘ಬ್ರಾಕಾಶ್’ ಆಗುತ್ತಾರೆ. ವ ಬದಲು ಫ ಬರುತ್ತದೆ, ವಿನೋದ್ ‘ಫೀನೂದ್’. ಜ ಇರುವ ಹೆಸರಿನವರಿಗೆ ಇನ್ನೊಂದು ತೊಡಕಿದೆ. ಅರೇಬಿಕ್‌ನ ಜೀಮ್ ಅಕ್ಷರವನ್ನು ಕೈರೋದವರು ಗ ಎಂದು ಓದುತ್ತಾರೆ. ಜಯಂತ್ ಎಂದು ಬರೆದರೆ ಸಲ್ಮಾ ಅವರ ಬಾಯಲ್ಲಿ ಗಯಂತ್ ಎಂದೇ ಬರಬಹುದು. ಅಂಥವರು ಪಕ್ಕದಲ್ಲಿ ಇಂಗ್ಲಿಷಿನಲ್ಲೂ ಬರೆಯಿರಿ. ಕಾಗುಣಿತ ಹುಡುಕಿ ಒದ್ದಾಡುವ ಬದಲು ನಿಮ್ಮ ರೆಸಿಡೆನ್ಸಿ ಕಾರ್ಡ್ ತೆಗೆದು ನೋಡಿ. ಹೆಸರು ಅರೇಬಿಕ್‌ನಲ್ಲೂ ಅಚ್ಚಾಗಿದ್ದರೆ ಅದನ್ನೇ ಇಳಿಸಿಕೊಳ್ಳಿ.

ಚೀಟಿ ಓದಿ ಸಲ್ಮಾ ತಿರುಗಿ ನೋಡಿ ‘ಅಲ್ಲಾಹ್ ಯಿಸಲ್ಲಿಮಕ್’ ಎನ್ನುತ್ತಾರೆ. ದೇವರು ನಿಮ್ಮನ್ನೂ ಕ್ಷೇಮವಾಗಿಡಲಿ ಎಂದು. ಪ್ರಯಾಣದ ಆ ಒಂದು ಸಾಲಿಗೆ ಸಲ್ಲುವ ಉತ್ತರ ಅದು. ಅದರ ಹಿಂದೆಯೇ ಈಜಿಪ್ಟಿನ ಮಾತು ಸರಸರನೆ ಬರಬಹುದು, ಇಷ್ಟು ಚೆನ್ನಾಗಿ ಬರೆದವರಿಗೆ ಅರ್ಥವಾಗದೇ ಇರುತ್ತದೆಯೇ ಎಂದುಕೊಂಡು. ಆಗ ‘ಅರಬಿ ಶ್ವಯ್ಯಾ ಶ್ವಯ್ಯಾ’ ಎನ್ನಿ, ಅರೇಬಿಕ್ ಸ್ವಲ್ಪ ಸ್ವಲ್ಪ ಬರುತ್ತದೆ ಎಂದು. ಆಮೇಲೆ ಚಹಾದ ಮೆಷಿನ್ ಎಲ್ಲಿದೆ ಎಂದು ತೋರಿಸಿ.