ಹಾಳೆ ತಟ್ಟೆಯ ಲೆಕ್ಕ: ಮೂವತ್ತು ಪೈಸೆ ಬಿಟ್ಟರೆ ಏನಾಗುತ್ತದೆ?

ಮಲೆನಾಡಿನಲ್ಲಿ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ನನ್ನದು. ಮೆಷಿನ್, ಶೆಡ್ಡು, ವೈರಿಂಗ್ ಎಲ್ಲ ಸೇರಿ 10 ಲಕ್ಷ ಹಾಕಿದ್ದೇನೆ. ಐದು ವರ್ಷ ಓಡುತ್ತದೆ, ಆಮೇಲೆ ಗುಜರಿ ಬೆಲೆ ಏನೂ ಬರುವುದಿಲ್ಲ ಅಂತಲೇ ಇಟ್ಟುಕೊಂಡೆ. ಹತ್ತು ಇಂಚಿನ ತಟ್ಟೆಗೆ ಸಗಟು ದರ 4 ರೂಪಾಯಿ. ಒಂದು ತಟ್ಟೆಗೆ ಹಾಳೆಗೆ 1.40, ಕೂಲಿ 60 ಪೈಸೆ, ಕರೆಂಟಿಗೆ 30, ಪ್ಯಾಕಿಂಗ್ ಮತ್ತು ಸಾಗಾಟಕ್ಕೆ 30. ಒಟ್ಟು 2.60. ಅಂದರೆ ಪ್ರತಿ ತಟ್ಟೆಗೆ ಉಳಿಯುವುದು 1.40. ಬಾಡಿಗೆ, ರಿಪೇರಿ, ಒಬ್ಬರ ತಿಂಗಳ ಸಂಬಳ ಸೇರಿ ವರ್ಷಕ್ಕೆ 2 ಲಕ್ಷ. ತಟ್ಟೆ ಮಾಡಲಿ, ಬಿಡಲಿ, ಈ 2 ಲಕ್ಷ ಕೊಡಲೇಬೇಕು. ತೆರಿಗೆಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ವರ್ಷಕ್ಕೆ 4 ಲಕ್ಷ ತಟ್ಟೆ ಹೋದರೆ ಕೈಗೆ 3.60 ಲಕ್ಷ ಬರುತ್ತದೆ. ಶೇ 12ರ ಬಡ್ಡಿ ಹಿಡಿದು ಐದು ವರ್ಷದ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ, ಹಾಕಿದ 10 ಲಕ್ಷ ಕಳೆದರೆ ಎನ್‌ಪಿವಿ ಸುಮಾರು 2.98 ಲಕ್ಷ. ಎಕ್ಸೆಲ್‌ನಲ್ಲಿ B1ರಲ್ಲಿ ದರ, B2ರಲ್ಲಿ ತಟ್ಟೆಯ ಖರ್ಚು, B3ರಲ್ಲಿ ತಟ್ಟೆಗಳ ಸಂಖ್ಯೆ, B4ರಲ್ಲಿ ವರ್ಷದ ಖರ್ಚು ಇಟ್ಟು, B5ರಲ್ಲಿ ಇಷ್ಟು ಬರೆದೆ:

```
=PV(12%,5,-((B1-B2)*B3-B4))-1000000
```

ಈಗ ಬ್ರೇಕ್ ಈವನ್. ಸಾಮಾನ್ಯವಾಗಿ ಎಲ್ಲರೂ ಹಾಕುವ ಲೆಕ್ಕ ಹೀಗಿದೆ: ವರ್ಷದ ಖರ್ಚು 2 ಲಕ್ಷ, ಹಾಕಿದ 10 ಲಕ್ಷವನ್ನು ಐದು ವರ್ಷಕ್ಕೆ ಹಂಚಿದ ಸವಕಳಿ 2 ಲಕ್ಷ, ಒಟ್ಟು 4 ಲಕ್ಷವನ್ನು 1.40ರಿಂದ ಭಾಗಿಸಿದರೆ ಸುಮಾರು 2.86 ಲಕ್ಷ ತಟ್ಟೆ. ಅಷ್ಟು ಮಾರಿದರೆ ನಷ್ಟ ಇಲ್ಲ ಅಂತ ಪುಸ್ತಕ ಹೇಳುತ್ತದೆ. ಆದರೆ ಅಲ್ಲಿ ಬರುವುದು ಹಾಕಿದ ದುಡ್ಡು ಮಾತ್ರ, ಅದರ ಬಡ್ಡಿ ಬರುವುದಿಲ್ಲ. 10 ಲಕ್ಷ ಸಾಲವನ್ನು ಶೇ 12ರಲ್ಲಿ ಐದು ವಾರ್ಷಿಕ ಕಂತಿನಲ್ಲಿ ತೀರಿಸಲು ವರ್ಷಕ್ಕೆ ಸುಮಾರು 2.77 ಲಕ್ಷ ಬೇಕು. ಸವಕಳಿಯ 2 ಲಕ್ಷದ ಜಾಗದಲ್ಲಿ ಇದನ್ನು ಇಟ್ಟರೆ ಎನ್‌ಪಿವಿ ಸೊನ್ನೆಯಾಗುವ ಮಟ್ಟ ಸಿಗುತ್ತದೆ: 3.41 ಲಕ್ಷ ತಟ್ಟೆ. ಎರಡರ ನಡುವೆ 55 ಸಾವಿರ ತಟ್ಟೆ. ನನಗೆ ಬೇಕಾದ್ದು ಈ ಎರಡನೆಯದು.

ಹಾಗಾದರೆ ಮಾರಾಟ ಶೇ 15ರಷ್ಟು ಬಿದ್ದರೂ ಹೆಚ್ಚುಕಮ್ಮಿ ಬಚಾವ್. ಇದನ್ನು ನೋಡಿ ಸ್ವಲ್ಪ ನಿರಾಳ ಅನಿಸಿತ್ತು. ಆಮೇಲೆ ದರಕ್ಕೂ ಅದೇ ಪ್ರಶ್ನೆ ಹಾಕಿದೆ. ಎಕ್ಸೆಲ್‌ನ Goal Seekನಲ್ಲಿ B5 ಸೊನ್ನೆ ಆಗಬೇಕು, ಬದಲಾಗಬೇಕಾದ್ದು B1 ಅಂತ ಕೊಟ್ಟರೆ 3.79 ಬಂತು. ಕೇವಲ 21 ಪೈಸೆ! ಶೇ 5ರಷ್ಟು ಇಳಿದರೆ ಸಾಕು, ಎನ್‌ಪಿವಿ ಮುಗಿಯಿತು.

ಕಾರಣ ಸರಳ. ಒಂದು ತಟ್ಟೆ ಕಮ್ಮಿ ಮಾರಿದರೆ ಅದರ ಹಾಳೆ, ಕೂಲಿ, ಕರೆಂಟೂ ಉಳಿಯುತ್ತದೆ, ಹೋಗುವುದು 1.40 ಮಾತ್ರ. ದರ ಇಳಿಸಿದರೆ ಖರ್ಚಿನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ, ಪೂರ್ತಿ ಪೆಟ್ಟು ಲಾಭಕ್ಕೇ ಬೀಳುತ್ತದೆ. ಮಾರಾಟ ಶೇ 10 ಇಳಿದರೆ ಎನ್‌ಪಿವಿ 96 ಸಾವಿರಕ್ಕೆ ಬರುತ್ತದೆ. ದರ ಶೇ 10 ಇಳಿದರೆ 2.79 ಲಕ್ಷ ಮೈನಸ್. 4 ರೂಪಾಯಿಯನ್ನು 1.40ರಿಂದ ಭಾಗಿಸಿ ನೋಡಿ, ಸುಮಾರು 2.9 ಬರುತ್ತದೆ. ದರದ ಪೆಟ್ಟು ಮಾರಾಟದ ಪೆಟ್ಟಿಗಿಂತ ಅಷ್ಟು ಪಟ್ಟು ಜೋರು. ಉಳಿಕೆ ಕಮ್ಮಿ ಇದ್ದಷ್ಟೂ ಇದು ಏರುತ್ತದೆ. ಹಾಳೆಯ ಕಡೆಯಿಂದಲೂ ಇದೇ ಪೆಟ್ಟು ಬರಬಹುದು. ಮಳೆಗಾಲದಲ್ಲಿ ಮಾಮೂಲಿ ವೇಸ್ಟಿನ ಮೇಲೆ ಹತ್ತಕ್ಕೊಂದು ಹಾಳೆ ಬೂಷ್ಟು ಹಿಡಿದು ಹೋದರೆ, ತಟ್ಟೆಯ ಮೇಲೆ ಸುಮಾರು 16 ಪೈಸೆ ಏರಿತು ಅಂತಲೇ ಲೆಕ್ಕ.

ಈ ಲೆಕ್ಕ ಕೈಯಲ್ಲಿದ್ದಾಗಲೇ ನನ್ನ ಮಾಲೆಲ್ಲ ಎತ್ತುವ ಸಗಟು ವ್ಯಾಪಾರಿ ಫೋನ್ ಮಾಡಿದರು. "ಅಣ್ಣಾ, ಮೂರೂ ಎಪ್ಪತ್ತಕ್ಕೆ ಕೊಡಿ, ಮಾಲು ಜಾಸ್ತಿ ಎತ್ತುತೀನಿ" ಅಂದರು. 3.70ಕ್ಕೆ ಉಳಿಯುವುದು 1.10. ಮೊದಲಿನಷ್ಟೇ ಎನ್‌ಪಿವಿ ಬರಬೇಕಾದರೆ 5.09 ಲಕ್ಷ ತಟ್ಟೆ ಬೇಕು. ನನ್ನ ಮೆಷಿನ್ ದಿನಕ್ಕೆ 1,500ರಂತೆ 300 ದಿನ ಓಡಿದರೂ 4.5 ಲಕ್ಷ ದಾಟುವುದಿಲ್ಲ. ಪೂರ್ತಿ 4.5 ಲಕ್ಷ ಮಾರಿದರೂ ಎನ್‌ಪಿವಿ 63 ಸಾವಿರ ಅಷ್ಟೆ. ಜಾಸ್ತಿ ದುಡಿದು ಕಮ್ಮಿ ಗಳಿಸೋದು ಯಾರಿಗೆ ಬೇಕು, ಅಲ್ವಾ?

3.90ಕ್ಕೆ ಲೆಕ್ಕ ಬೇರೆ. ಅಲ್ಲಿ 4.31 ಲಕ್ಷ ತಟ್ಟೆ ಹೋದರೆ ಸಮ. ಅದು ಮೆಷಿನ್ನಿನ ಮಿತಿಯೊಳಗೇ ಇದೆ. ಹತ್ತು ಪೈಸೆ ಬಿಡುತ್ತೇನೆ, ಆದರೆ ವರ್ಷಕ್ಕೆ 4.4 ಲಕ್ಷ ಎತ್ತುತ್ತೇನೆ ಅಂತ ಬರೆದುಕೊಡಿ, ಅಷ್ಟು ಎತ್ತದಿದ್ದರೆ ಬಿಲ್ ಹಳೇ ದರಕ್ಕೇ ಅಂದೆ. ಒಂದು ವಾರ ಎಳೆದಾಡಿ ಒಪ್ಪಿದರು.