ಪ್ಲಗ್ ಕಿತ್ತ ಮೇಲೆ ಉಳಿದ ಹಾಡು

ನಮ್ಮದು ಗದ್ದಲದ ಬ್ಯಾಂಡು. ಬಸವನಗುಡಿಯ ಮನೆ ಮಹಡಿಯಲ್ಲಿ ನಮ್ಮ ಅಭ್ಯಾಸ ಶುರುವಾದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಜಯನಗರದ ಒಂದು ಕೆಫೆಯವರು 'ಅನ್‌ಪ್ಲಗ್ಡ್ ಆದರೆ ಬನ್ನಿ' ಎಂದರು. ಅಕೂಸ್ಟಿಕ್ ಗಿಟಾರ್ ಹಿಡಿದು ಅದೇ ಹಾಡುಗಳನ್ನು ನುಡಿಸಿದರಾಯ್ತು ಅಂದುಕೊಂಡು ಒಪ್ಪಿಬಿಟ್ಟೆವು.

ಮೊದಲ ದಿನವೇ ಹಾಡು ಕುಸಿಯಿತು. ನಾವು ನುಡಿಸುವುದೆಲ್ಲ ಪವರ್ ಕಾರ್ಡು, ಅಂದರೆ ಬರೀ ಷಡ್ಜ, ಪಂಚಮ. ಗಿಟಾರಿನ ನಾದವನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್ ಇದ್ದಾಗ ಆ ಎರಡೇ ಸ್ವರ ಗೋಡೆಯ ಹಾಗೆ ನಿಲ್ಲುತ್ತವೆ, ಎಳೆದಷ್ಟು ಹೊತ್ತು ಎಳೆಯುತ್ತವೆ. ಮರದ ಗಿಟಾರಿನಲ್ಲಿ 'ಟಣ್' ಅಂದು ಕ್ಷಣದಲ್ಲೇ ಸೊರಗುತ್ತವೆ. ಗಾಂಧಾರವಿಲ್ಲದ್ದರಿಂದ ಹಾಡು ಸಂತೋಷದ್ದೋ ದುಃಖದ್ದೋ ಎಂಬುದೂ ತಿಳಿಯುವುದಿಲ್ಲ.

ಆಗ ಕೂತು ಅಮೆರಿಕದ ರಾಕ್ ಬ್ಯಾಂಡ್ ನಿರ್ವಾನಾದ ಎಂಟಿವಿ ಅನ್‌ಪ್ಲಗ್ಡ್ ಅನ್ನು ಮತ್ತೆ ಕೇಳಿದೆ, ಈ ಸಲ ಅಭಿಮಾನಿಯಾಗಿ ಅಲ್ಲ, ಕಳ್ಳನ ಹಾಗೆ. ಅದನ್ನು ರೆಕಾರ್ಡ್ ಮಾಡಿದ್ದು 1993ರ ನವೆಂಬರ್ 18ರಂದು, ನ್ಯೂಯಾರ್ಕಿನ ಸೋನಿ ಸ್ಟುಡಿಯೋದಲ್ಲಿ. ಎರಡೇ ತಿಂಗಳ ಹಿಂದೆ ಅವರ 'ಇನ್ ಯುಟೆರೊ' ಬಂದಿತ್ತು, ಕಿವಿಗೆ ಉಪ್ಪುಕಾಗದ ಉಜ್ಜಿದಂಥ ಆಲ್ಬಂ. ಅದರಲ್ಲಿ 'ಪೆನ್ನಿರಾಯಲ್ ಟೀ' ಹಾಡಿನ ಪಲ್ಲವಿ ಬಂದಾಗ ಗಿಟಾರೂ ಡ್ರಮ್ಸೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅನ್‌ಪ್ಲಗ್ಡ್‌ನಲ್ಲಿ ಅದೇ ಹಾಡನ್ನು ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ಒಬ್ಬನೇ ಹಾಡುತ್ತಾನೆ. ರಾಗ ಎಷ್ಟು ಗಟ್ಟಿಯಾಗಿದೆ ಅನ್ನುವುದು ಗೊತ್ತಾಗುವುದು ಅಲ್ಲಿ. 'ಬರೀ ಕಿರುಚಾಟ' ಎನ್ನುತ್ತಿದ್ದವರು ಇವನನ್ನು ಹಾಡು ಕಟ್ಟುವವನು ಎಂದು ಒಪ್ಪಿಕೊಳ್ಳಲು ಈ ಕಾರ್ಯಕ್ರಮ ದೊಡ್ಡ ಕಾರಣ. 1994ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ, ಆಲ್ಬಂ ಬಂದದ್ದು ನವೆಂಬರ್‌ನಲ್ಲಿ. ಆ ಸಾವಿನ ನೆರಳೂ ಕೇಳುವ ಕಿವಿಯ ಮೇಲೆ ಬಿದ್ದಿತ್ತು, ಇಲ್ಲವೆನ್ನಲಾಗದು.

ನನಗೆ ಬೇಕಿದ್ದದ್ದು ಬೇರೆ: ಡಿಸ್ಟಾರ್ಷನ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಯಾರು ಮಾಡಿದರು? ಸ್ವರವನ್ನು ಎಳೆದು ಹಿಡಿಯಲು ಲೋರಿ ಗೋಲ್ಡ್‌ಸ್ಟನ್ ಅವರ ಚೆಲ್ಲೊ ಇತ್ತು. ನಾದ ತುಂಬಲು ಪ್ಯಾಟ್ ಸ್ಮಿಯರ್ ಎರಡನೇ ಗಿಟಾರ್ ಹಿಡಿದಿದ್ದ. ಡ್ರಮ್ಮರ್ ಡೇವ್ ಗ್ರೋಲ್‌ನ ಹೊಡೆತ ಜೋರಾಯಿತೆಂದು ನಿರ್ಮಾಪಕ ಅಲೆಕ್ಸ್ ಕೊಲೆಟ್ಟಿ ಅವನಿಗೆ ಬ್ರಷ್‌ಗಳನ್ನೂ ಸಪೂರ ಕಡ್ಡಿಗಳನ್ನು ಕಟ್ಟಿ ಮಾಡಿದ ಕೋಲುಗಳನ್ನೂ ಕೊಟ್ಟಿದ್ದರು. ಇನ್ನು ಕೋಬೇನ್ ಗಿಟಾರು ಪೂರ್ತಿ 'ಅನ್‌ಪ್ಲಗ್ಡ್' ಆಗಿರಲೇ ಇಲ್ಲ! ಅದು ಪೆಡಲುಗಳ ಮೂಲಕ ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಆಂಪ್ ಕಾಣದಿರಲೆಂದು ಮಾನಿಟರ್ ಸ್ಪೀಕರಿನಂಥ ಸುಳ್ಳು ಪೆಟ್ಟಿಗೆ ಮಾಡಿ ಮುಚ್ಚಿದ್ದರು. 'ದಿ ಮ್ಯಾನ್ ಹೂ ಸೋಲ್ಡ್ ದಿ ವರ್ಲ್ಡ್' ಹಾಡಿನ ಸೋಲೊದಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆ.

ನಮ್ಮಲ್ಲಿ ಚೆಲ್ಲೊ ಎಲ್ಲಿಂದ ತರೋಣ? ಬೇಸ್ ನುಡಿಸುವವನ ತಂಗಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಳು, ಅವಳನ್ನೇ ಕರೆದೆವು. ಅವಳ ಕೈ ತಾನಾಗಿಯೇ ಗಮಕಕ್ಕೆ ಹೋಗುತ್ತಿತ್ತು. "ಅಣ್ಣಾ, ಸ್ವರಾನ ಸುಮ್ಮನೆ ಹಿಡ್ಕೊಂಡು ಕೂತ್ರೆ ಸಾಕಾ?" ಅಂದಳು. ಸಾಕು, ಅದೇ ಬೇಕು ಅಂದೆ.

ನಮ್ಮ ಒಂದು ಹಾಡು ಇ, ಜಿ, ಎ ಎಂಬ ಮೂರು ಪವರ್ ಕಾರ್ಡುಗಳ ಮೇಲೆ ನಿಂತಿತ್ತು. ಉಂಗುರದ ಬೆರಳನ್ನೂ ಕಿರುಬೆರಳನ್ನೂ ಸಣ್ಣ ತಂತಿಗಳೆರಡರ ಮೂರನೇ ಮನೆಯಲ್ಲಿ, ಅಂದರೆ ಮೂರನೇ ಫ್ರೆಟ್ಟಿನಲ್ಲಿ, ಇಟ್ಟು ಅಲ್ಲಾಡಿಸದೆ, ಕೆಳಗಿನ ಸ್ವರಗಳನ್ನು ಮಾತ್ರ ಬದಲಿಸಿದೆ. ಮೇಲಿನ ಎರಡು ಸ್ವರ ತಂಬೂರಿಯ ಹಾಗೆ ಉದ್ದಕ್ಕೂ ನಿಂತವು, ಟೊಳ್ಳು ತುಂಬಿತು. ಗಾಯಕನಿಗೆ ಕಿರುಚದೆ ಹಾಡಲು ಅನುಕೂಲವಾಗಲೆಂದು ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿದೆವು. ನಿರ್ವಾನಾದವರೂ ಅಂದು ಹಾಗೇ ಇಳಿಸಿಕೊಂಡಿದ್ದರು. ಪಿಟೀಲನ್ನೂ ಅದಕ್ಕೆ ಶ್ರುತಿ ಮಾಡಿದ್ದಾಯಿತು.

ಸೌಂಡ್‌ಚೆಕ್‌ನಲ್ಲಿ ಇನ್ನೊಂದು ಕಾಟ. ದಪ್ಪ ತಂತಿಯ ನಾಲ್ಕನೇ ಮನೆ ಮುಟ್ಟಿದರೆ ಸಾಕು, ಗಿಟಾರ್ 'ಬೂಂ' ಎಂದು ಊಳಿಡುತ್ತಿತ್ತು. ಪಕ್ಕದ ಮನೆಗಳಲ್ಲಿ ಏನೂ ಇಲ್ಲ. ಒಂದೇ ಸ್ವರ ಹೀಗೆ ಮಾಡಿದರೆ ದೋಷ ಕೈಯದಲ್ಲ, ಪೆಟ್ಟಿಗೆಯದು. ದೊಡ್ಡ ಅಕೂಸ್ಟಿಕ್ ಗಿಟಾರಿನೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, ಜಿ ಸ್ವರ 98 ಹರ್ಟ್ಸ್. ಮಾಮೂಲಿ ಶ್ರುತಿಯಲ್ಲಿ ಅದು ಮೂರನೇ ಮನೆಯಲ್ಲಿರುತ್ತದೆ. ನಾವು ತಂತಿ ಇಳಿಸಿದ್ದರಿಂದ ನಾಲ್ಕಕ್ಕೆ ಬಂದಿತ್ತು. ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಮಿಕ್ಸರಿನಲ್ಲಿ 100ರ ಸುತ್ತ ಸ್ವಲ್ಪ ಇಳಿಸಿದ ಮೇಲೆ ತಣ್ಣಗಾಯಿತು. ಮುಚ್ಚಳದಿಂದ ನಾದ ಕೊಂಚ ತೆಳುವಾಗುತ್ತದೆ, ಅದನ್ನು ನುಂಗಿಕೊಂಡೆವು.

ಕಾರ್ಯಕ್ರಮ ಮುಗಿದ ಮೇಲೆ, ನಮ್ಮ ಜೋರು ಕಾರ್ಯಕ್ರಮಗಳಿಗೆಲ್ಲ ಬರುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದು, "ಈ ಹಾಡಿನ ಪದ ಇವತ್ತೇ ಕೇಳಿಸಿದ್ದು" ಅಂದ. ನಾನು ಬೀಗುವಷ್ಟರಲ್ಲಿ, "ಎರಡನೇ ಚರಣದಲ್ಲಿ ಮೊದಲನೇದನ್ನೇ ತಿರುವಿ ಹಾಕಿದೀರಲ್ವಾ?" ಎಂದು ಕೇಳಿದ. ಹೌದು, ತಿರುವಿ ಹಾಕಿದ್ದೆವು. ಮೂರು ವರ್ಷ ಗದ್ದಲದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮರುವಾರ ಕೂತು ಆ ಚರಣವನ್ನು ಹೊಸದಾಗಿ ಬರೆದೆ.