ಕೆಮ್ಮಿರುವ ಮಗುವಿನ ಉಸಿರು ಎಣಿಸುವುದು ಹೇಗೆ?

ಮಗುವಿಗೆ ಕೆಮ್ಮು ಬಂದಾಗ ಕೆಮ್ಮಿನ ಸದ್ದಿಗಿಂತ ಉಸಿರಾಟದ ವೇಗವನ್ನು ಗಮನಿಸಿ. ನ್ಯುಮೋನಿಯಾ ಇದ್ದರೆ ಉಸಿರಾಟ ಜೋರಾಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು.

ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ಆಗ ಉಸಿರು ಹೇಗೂ ಜಾಸ್ತಿ ಇರುತ್ತದೆ. ನಿದ್ದೆಯಲ್ಲಿದ್ದಾಗ ಅಥವಾ ಮಡಿಲಲ್ಲಿ ಸುಮ್ನೆ ಇದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಟರೆ ಕಣ್ಣು ಹೊಟ್ಟೆಯ ಮೇಲೇ ಇರುತ್ತದೆ.

ಪೂರ್ತಿ 60 ಸೆಕೆಂಡ್ ಎಣಿಸಲೇಬೇಕು. ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರಲ್ಲ, ಸ್ವಲ್ಪ ಹೊತ್ತು ಬೇಗ, ಆಮೇಲೆ ನಿಧಾನ. ಏಳು ತಿಂಗಳ ಮಗು ಅಂದುಕೊಳ್ಳಿ. ಮೊದಲ 15 ಸೆಕೆಂಡಿಗೆ 11 ಉಸಿರು. ನಾಲ್ಕರಿಂದ ಗುಣಿಸಿದರೆ 44, ಸರಿಯಾಗಿದೆ ಅನ್ನಿಸುತ್ತದೆ. ನಿಮಿಷ ಪೂರ್ತಿ ಎಣಿಸಿದರೆ 54! ಆ ವಯಸ್ಸಿಗೆ ಅದು ಜಾಸ್ತಿ.

ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಅದೇ ದಿನ ವೈದ್ಯರಿಗೆ ತೋರಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ 60 ಅಥವಾ ಜಾಸ್ತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಜ್ವರದಿಂದಲೂ ಉಸಿರು ಜೋರಾಗಬಹುದು. ಆದರೆ ಅದು ಜ್ವರದ್ದೇ ಅಂತ ನಾವೇ ತೀರ್ಮಾನಿಸುವುದು ಬೇಡ.

ಎಣಿಕೆ ಕಡಿಮೆ ಬಂದರೂ, ಉಸಿರು ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ಕುಡಿಯದಿದ್ದರೆ ಅಥವಾ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.